ಭಾವಾರ್ಥ ಬರೆಯಿರಿ: ನಾಲ್ಕು ಅಂಕದ ಪ್ರಶ್ನೆಯೊಳಗಿನ ಕವಿತೆ

ಕರ್ನಾಟಕದ ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಪ್ರಥಮ ಭಾಷೆಗೆ 100 ಅಂಕಗಳ ಲಿಖಿತ ಪರೀಕ್ಷೆ ಇದೆ. ಅದರಲ್ಲಿ ಕವಿತೆಯನ್ನು ಎರಡು ಕಡೆ ನೇರವಾಗಿ ಎದುರಿಸಬೇಕಾಗುತ್ತದೆ. ಒಂದು ಕಡೆ ಪದ್ಯದ ಒಂದು ಮಾತನ್ನು ಕೊಟ್ಟು ‘ಸಂದರ್ಭದೊಂದಿಗೆ ಸ್ವಾರಸ್ಯವನ್ನು ವಿವರಿಸಿ’ ಎನ್ನುತ್ತಾರೆ. ಇನ್ನೊಂದು ಕಡೆ ಇಡೀ ಪದ್ಯಭಾಗವನ್ನೇ ಮುದ್ರಿಸಿ ‘ಮೌಲ್ಯವನ್ನಾಧರಿಸಿ ಸಾರಾಂಶ ಬರೆಯಿರಿ’ ಎನ್ನುತ್ತಾರೆ. ಮೊದಲನೆಯದಕ್ಕೆ ಮೂರು ಅಂಕ, ಎರಡನೆಯದಕ್ಕೆ ನಾಲ್ಕು. ಪಿಯುಸಿಗೆ ಹೋದರೆ ಇದೇ ಕೆಲಸಕ್ಕೆ ‘ಭಾವಾರ್ಥ’ ಎಂಬ ಹೆಸರು. ಹೆಸರು ಏನೇ ಇರಲಿ, ಕೇಳುವುದು ಒಂದನ್ನೇ: ಈ ಸಾಲುಗಳು ಏನು ಹೇಳುತ್ತಿವೆ, ಎಲ್ಲಿ ನಿಂತು ಹೇಳುತ್ತಿವೆ?

ಈ ಎರಡು ಪ್ರಶ್ನೆಗಳನ್ನು ಪತ್ರಿಕೆ ಬೇರೆ ಬೇರೆಯಾಗಿ ಇಟ್ಟಿರುವುದರಿಂದ ತರಗತಿಯಲ್ಲೂ ಅವು ಬೇರೆಯಾಗಿಬಿಟ್ಟಿವೆ. ಸಂದರ್ಭ ಎಂದರೆ ಕವಿ, ಕೃತಿ, ಪಾಠ ಇವುಗಳ ಹೆಸರಿರುವ ಒಂದು ವಾಕ್ಯ; ಸಾರಾಂಶ ಎಂದರೆ ಸಾಲುಗಳನ್ನು ಹೊಸಗನ್ನಡಕ್ಕೆ ತಿರುಗಿಸಿ ಕೊನೆಗೊಂದು ನೀತಿ. ಹೀಗೆ ಕಲಿತ ಮಕ್ಕಳು ಅಂಕ ಪಡೆಯುತ್ತಾರೆ, ಆದರೆ ಪದ್ಯವನ್ನು ತಪ್ಪಾಗಿ ಓದುತ್ತಾರೆ. ಸಂದರ್ಭ ಅರ್ಥದ ಪಕ್ಕದಲ್ಲಿ ಇರುವ ಮಾಹಿತಿಯಲ್ಲ. ಹಲವು ಪದ್ಯಗಳಲ್ಲಿ ಅರ್ಥವನ್ನು ನಿರ್ಧರಿಸುವುದೇ ಅದು. ‘ಸಿರಿ ಕನ್ನಡ’ ಪಠ್ಯಪುಸ್ತಕದ ಒಂದು ಪದ್ಯವನ್ನು ಕೈಗೆತ್ತಿಕೊಂಡರೆ ಇದು ಸ್ಪಷ್ಟವಾಗುತ್ತದೆ.

ರಥದ ಮೇಲಿನ ಮಾತುಕತೆ

ಹತ್ತನೆಯ ತರಗತಿಯ ‘ಕೌರವೇಂದ್ರನ ಕೊಂದೆ ನೀನು’ ಪಾಠ ಕುಮಾರವ್ಯಾಸನ ಕರ್ಣಾಟ ಭಾರತ ಕಥಾಮಂಜರಿಯ ಉದ್ಯೋಗ ಪರ್ವದಿಂದ ಆಯ್ದದ್ದು. ಸಂಧಾನ ಮುರಿದಿದೆ. ಹಸ್ತಿನಾವತಿಯಿಂದ ಹಿಂದಿರುಗುವ ಕೃಷ್ಣ ಕರ್ಣನನ್ನು ತನ್ನ ರಥಕ್ಕೆ ಎಳೆದುಕೊಂಡು ಸಮಾನ ಪೀಠದಲ್ಲಿ ಕೂರಿಸಿಕೊಳ್ಳುತ್ತಾನೆ. ಕರ್ಣನಿಗೆ ಅದು ಮುಜುಗರ. ಅಲ್ಲಿಯೇ ಕೃಷ್ಣ ಜನ್ಮರಹಸ್ಯ ಬಿಚ್ಚುತ್ತಾನೆ: ಕುಂತಿ ಪಡೆದ ಐದು ಮಂತ್ರಗಳಲ್ಲಿ ಮೊದಲನೆಯದರ ಫಲ ಕರ್ಣ, ಪಾಂಡವರಲ್ಲಿ ಅವನೇ ಹಿರಿಯ. ಆಮೇಲೆ ಆಮಿಷ: ಹಸ್ತಿನಾವತಿಯ ಸಿಂಹಾಸನ, ಎರಡೂ ಕಡೆಯವರ ಸೇವೆ. ಕರ್ಣನ ಕೊರಳು ಬಿಗಿಯುತ್ತದೆ, ಕಣ್ಣೀರು ಉಕ್ಕುತ್ತದೆ, ಅವನು ಮೌನವಾಗುತ್ತಾನೆ. ಕೃಷ್ಣ ಮತ್ತೆ ಕೆಣಕಿದ ಮೇಲೆ ಬಾಯಿ ತೆರೆದು ರಾಜ್ಯವನ್ನು ನಿರಾಕರಿಸುತ್ತಾನೆ.

ಪಾಠದ ಕೊನೆಯ ಪದ್ಯ ಈ ನಿರಾಕರಣೆಯ ತುದಿಯಲ್ಲಿ ಬರುತ್ತದೆ. ಅದರ ತಿರುಳು ಹೀಗಿದೆ. ನಾಳಿನ ಯುದ್ಧ ಮಾರಿಗೆ ಔತಣ. ಆ ರಣದಲ್ಲಿ ಕೌರವನ ಋಣ ತೀರುವಂತೆ ಅಸಂಖ್ಯ ಯೋಧರನ್ನು ಕೊಂದು, ಒಡೆಯನ ಅಗತ್ಯಕ್ಕೆ ತನ್ನ ದೇಹವನ್ನು ಒಪ್ಪಿಸುತ್ತೇನೆ. ನಿನ್ನ ಐವರು ವೀರರನ್ನು ನೋಯಿಸುವುದಿಲ್ಲ, ಸೂರ್ಯನ ಮೇಲೆ ಆಣೆ. ಆರು ಸಾಲಿನ ಒಂದೇ ಒಂದು ಷಟ್ಪದಿ. ಪರೀಕ್ಷೆಯಲ್ಲಿ ಸಾರಾಂಶಕ್ಕೆ ಕೊಡಲು ಹೇಳಿ ಮಾಡಿಸಿದಂಥದ್ದು. ಎಡವಲು ಕೂಡ.

ಸಾಲು ಮುಗಿದರೂ ಮಾತು ಮುಗಿದಿಲ್ಲ

ಮೊದಲ ಎಡವು ಛಂದಸ್ಸಿನಿಂದ ಹುಟ್ಟುತ್ತದೆ. ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ ತಲಾ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಿಗೆ ತಲಾ 23. ಸಾಲಿನ ಅಳತೆಯನ್ನು ಮಾತ್ರೆ ನಿರ್ಧರಿಸುತ್ತದೆಯೇ ಹೊರತು ವಾಕ್ಯವಲ್ಲ. ಹಾಗಾಗಿ ಕರ್ತೃ ಒಂದು ಸಾಲಿನಲ್ಲಿ, ಕರ್ಮ ಮುಂದಿನದರಲ್ಲಿ, ಕ್ರಿಯಾಪದ ಅದರಾಚೆಗೆ ಬೀಳುವುದು ಸಾಮಾನ್ಯ. ಪ್ರತಿ ಸಾಲಿಗೂ ಒಂದು ವಾಕ್ಯ ಎಂದು ಲೆಕ್ಕ ಹಾಕಿ ಬರೆಯುವ ವಿದ್ಯಾರ್ಥಿ ಯುದ್ಧ, ಋಣ, ಯೋಧರು, ದೇಹ ಎಂಬ ತುಂಡುಗಳನ್ನು ಮಾತ್ರ ಕಾಣುತ್ತಾನೆ. ಯಾವುದು ಯಾವುದಕ್ಕಾಗಿ ಎಂಬ ಎಳೆ ಅವನ ಕೈಯಿಂದ ಜಾರುತ್ತದೆ.

ಹಳೆಯ ಪಂಡಿತರು ಇದಕ್ಕೆ ಅನ್ವಯ ಎಂಬ ಹೆಜ್ಜೆಯನ್ನು ಇಟ್ಟುಕೊಂಡಿದ್ದರು. ಪದ್ಯದ ಪದಗಳನ್ನು ಗದ್ಯದ ಕ್ರಮದಲ್ಲಿ ಜೋಡಿಸುವುದೇ ಅನ್ವಯ. ಅನಂತರ ಪ್ರತಿಪದಾರ್ಥ, ಆಮೇಲೆ ತಾತ್ಪರ್ಯ. ಇಂದಿನ ತರಗತಿಯಲ್ಲಿ ಸಮಯ ಉಳಿಸಲು ಅನ್ವಯವನ್ನು ಬಿಟ್ಟು ನೇರವಾಗಿ ತಾತ್ಪರ್ಯಕ್ಕೆ ಹಾರುವುದು ರೂಢಿ. ಆದರೆ ಸುಲಭವಾದ ದಾರಿಯೊಂದು ಇದ್ದೇ ಇದೆ: ಪದ್ಯದ ಕ್ರಿಯಾಪದಗಳಿಗೆ ಮಾತ್ರ ಅಡಿಗೆರೆ ಎಳೆಯುವುದು. ಕರ್ಣನ ಪದ್ಯದಲ್ಲಿ ಹಾಗೆ ಮಾಡಿದರೆ ಮೂರು ಮುಖ್ಯ ಮಾತುಗಳು ತಾವಾಗಿ ಬೇರೆಯಾಗುತ್ತವೆ. ಯುದ್ಧ ಔತಣವಾಯಿತು ಎಂಬ ಮುನ್ನೋಟ, ದೇಹವನ್ನು ನೂಕುವೆನು ಎಂಬ ನಿರ್ಧಾರ, ಐವರನ್ನು ನೋಯಿಸೆನು ಎಂಬ ಪ್ರತಿಜ್ಞೆ. ಯೋಧರನ್ನು ಕೊಲ್ಲುವುದೂ ಋಣ ತೀರುವುದೂ ನಡುವಿನ ನಿರ್ಧಾರಕ್ಕೆ ಸೇರಿದ ಅಂಗಗಳು. ಸಾರಾಂಶದ ಅಸ್ಥಿಪಂಜರ ಇಲ್ಲಿಗೆ ಸಿದ್ಧ.

ಗೊತ್ತಿರುವ ಪದಗಳ ಅಪಾಯ

ಗೊತ್ತಿಲ್ಲದ ಪದ ಎದುರಾದರೆ ವಿದ್ಯಾರ್ಥಿ ನಿಂತು ಪಾಠದ ಕೊನೆಯ ಪದಕೋಶ ನೋಡುತ್ತಾನೆ. ತೊಂದರೆ ಬರುವುದು ಗೊತ್ತಿದೆ ಎನಿಸುವ ಪದಗಳಿಂದ. ಈ ಒಂದೇ ಪದ್ಯದಲ್ಲಿ ಅಂಥವು ಮೂರಿವೆ. ಇಲ್ಲಿ ‘ಭಾರತ’ ಎಂದರೆ ದೇಶವಲ್ಲ, ಭಾರತ ಯುದ್ಧ. ‘ಪತಿ’ ಎಂದರೆ ಗಂಡನಲ್ಲ, ಒಡೆಯ, ಅಂದರೆ ದುರ್ಯೋಧನ. ‘ಅವಸರ’ ಎಂದರೆ ಆತುರವಲ್ಲ, ಅಗತ್ಯ ಒದಗಿದ ಹೊತ್ತು. ಇವುಗಳನ್ನು ಇಂದಿನ ಅರ್ಥದಲ್ಲಿ ತೆಗೆದುಕೊಂಡರೆ ದೇಶಕ್ಕೆ ಕೇಡು ಬಂದಿತೆಂದೂ ಕರ್ಣ ಆತುರದಿಂದ ಪ್ರಾಣ ಬಿಡುತ್ತಾನೆಂದೂ ಸಾರಾಂಶ ಮೂಡುತ್ತದೆ. ವಾಕ್ಯಗಳು ಸರಾಗವಾಗಿಯೇ ಇರುತ್ತವೆ. ಅರ್ಥ ಮಾತ್ರ ಪದ್ಯದ್ದಲ್ಲ.

ಇದಕ್ಕಿಂತ ದೊಡ್ಡ ಅಪಾಯ ವ್ಯಾಕರಣದಲ್ಲಿದೆ. ‘ನೂಕುವೆನು’ ಎಂದರೆ ನೂಕುತ್ತೇನೆ. ‘ನೋಯಿಸೆನು’ ಎಂದರೆ ನೋಯಿಸುವುದಿಲ್ಲ. ನಡುಗನ್ನಡದ ನಿಷೇಧ ರೂಪದಲ್ಲಿ ‘ಇಲ್ಲ’ ಎಂಬ ಪದ ಕಾಣಿಸುವುದಿಲ್ಲ. ಕಾಲಸೂಚಕ ಪ್ರತ್ಯಯದ ಗೈರೇ ಅಲ್ಲಿ ನಿಷೇಧದ ಗುರುತು. ಎರಡೂ ‘ಎನು’ ಎಂದೇ ಮುಗಿಯುವುದರಿಂದ ಅವಸರದ ಓದಿಗೆ ಒಂದೇ ಬಗೆಯವಾಗಿ ಕಾಣುತ್ತವೆ. ಆಗ ಪ್ರತಿಜ್ಞೆ ತಲೆಕೆಳಗಾಗುತ್ತದೆ: ಪಾಂಡವರನ್ನು ನೋಯಿಸುತ್ತೇನೆಂದು ಕರ್ಣ ಸೂರ್ಯನ ಮೇಲೆ ಆಣೆ ಇಟ್ಟಂತಾಗುತ್ತದೆ. ಹಳೆಗನ್ನಡ, ನಡುಗನ್ನಡ ಪದ್ಯಗಳ ಸಾರಾಂಶ ಬರೆಯುವಾಗ ಪ್ರತಿ ಕ್ರಿಯಾಪದಕ್ಕೂ ‘ಮಾಡುತ್ತಾನೆಯೋ, ಮಾಡುವುದಿಲ್ಲವೋ’ ಎಂದು ಕೇಳಿಕೊಳ್ಳುವುದನ್ನು ಕಲಿಸಿದರೆ ಅರ್ಧ ತಪ್ಪುಗಳು ಅಲ್ಲಿಯೇ ನಿಲ್ಲುತ್ತವೆ.

ಸಂದರ್ಭ ಬಂದಾಗ ಬದಲಾಗುವುದೇನು

ಈಗ ಅನ್ವಯ ಸರಿಯಾಗಿದೆ, ಪದಾರ್ಥವೂ ಸರಿಯಾಗಿದೆ ಎಂದಿಟ್ಟುಕೊಳ್ಳೋಣ. ಮಾರ್ಗದರ್ಶಿ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವ ಬಗೆಯ ಉತ್ತರ ಇಲ್ಲಿಗೆ ಮುಟ್ಟಿ ನಿಲ್ಲುತ್ತದೆ: ‘ಕರ್ಣನು ಯುದ್ಧದಲ್ಲಿ ಶತ್ರುಗಳನ್ನು ಕೊಂದು ಕೌರವನ ಋಣ ತೀರಿಸುತ್ತೇನೆ, ಪಾಂಡವರನ್ನು ನೋಯಿಸುವುದಿಲ್ಲ ಎನ್ನುತ್ತಾನೆ. ಇಲ್ಲಿ ಸ್ವಾಮಿನಿಷ್ಠೆಯ ಮೌಲ್ಯ ವ್ಯಕ್ತವಾಗಿದೆ.’ ಇದರಲ್ಲಿ ತಪ್ಪು ವಾಕ್ಯ ಒಂದೂ ಇಲ್ಲ. ಆದರೂ ಪದ್ಯ ಇದರೊಳಗೆ ಇಲ್ಲ.

ಏಕೆಂದರೆ ಈ ಮಾತನ್ನು ಆಡುತ್ತಿರುವವನು ಸ್ವಲ್ಪ ಹೊತ್ತಿನ ಹಿಂದಷ್ಟೇ ತಾನು ಯಾರೆಂದು ತಿಳಿದವನು. ಅದನ್ನು ಗಮನಿಸಿದ ಕೂಡಲೇ ಪದ್ಯದ ಮೂರು ಭಾಗಗಳೂ ಬೇರೆ ಬಣ್ಣ ಪಡೆಯುತ್ತವೆ. ಮಾರಿಯ ಔತಣ ಎಂಬ ಮಾತು ವೀರನ ಉತ್ಸಾಹದ ನುಡಿಯಲ್ಲ. ಎರಡೂ ಕಡೆ ತನ್ನವರೇ ನಿಂತಿರುವ ರಣವನ್ನು ಕಂಡವನ ನುಡಿ. ದೇಹವನ್ನು ಒಪ್ಪಿಸುತ್ತೇನೆ ಎನ್ನುವವನು ಗೆಲ್ಲುತ್ತೇನೆ ಎನ್ನುವುದಿಲ್ಲ. ಗೆಲುವಿನ ಮಾತೇ ಪದ್ಯದಲ್ಲಿ ಇಲ್ಲ. ಹಗೆಗಳ ತಲೆಗಳನ್ನು ತಂದು ಒಪ್ಪಿಸುವ ಹುರುಪಿನಲ್ಲಿ ಇದ್ದವನು ಈಗ ಒಪ್ಪಿಸಲು ತನ್ನ ಶರೀರವೊಂದನ್ನೇ ಉಳಿಸಿಕೊಂಡಿದ್ದಾನೆ. ರಹಸ್ಯ ತಿಳಿಸಿ ನೀನು ಕೌರವೇಂದ್ರನನ್ನು ಕೊಂದೆ ಎಂದು ಕೃಷ್ಣನಿಗೆ ಅವನು ಹೇಳಿದ್ದ ಮಾತಿನ ಲೆಕ್ಕ ಇಲ್ಲಿ ಬಯಲಾಗುತ್ತದೆ. ಐವರನ್ನು ಕೊಲ್ಲದ ಕರ್ಣನಿಂದ ಕೌರವನಿಗೆ ಗೆಲುವು ಬರಲಾರದು.

ಇನ್ನು ಆಣೆ. ಸೂರ್ಯನ ಮೇಲೆ ಆಣೆ ಇಡುವುದು ಸಾಮಾನ್ಯ ಮಾತಿನ ರೂಢಿಯೆಂದು ದಾಟಿಹೋಗಬಹುದು. ಆದರೆ ಸೂರ್ಯ ತನ್ನ ತಂದೆ ಎಂದು ಕೃಷ್ಣನ ಬಾಯಲ್ಲಿ ಕೇಳಿದವನು ಅವನ ಹೆಸರಿನಲ್ಲೇ ತಮ್ಮಂದಿರನ್ನು ಕಾಯುವ ಮಾತು ಕೊಡುತ್ತಿದ್ದಾನೆ. ಬಾಯಲ್ಲಿ ರಕ್ತಸಂಬಂಧವನ್ನು ನಿರಾಕರಿಸಿ, ಆಣೆಯಲ್ಲಿ ಅದನ್ನು ಒಪ್ಪಿಕೊಂಡ ಹಾಗಾಯಿತು. ಅಷ್ಟಾದರೂ ಐವರನ್ನು ‘ನನ್ನ ತಮ್ಮಂದಿರು’ ಎನ್ನದೆ ಕೃಷ್ಣನ ವೀರರು ಎಂದೇ ಕರೆಯುತ್ತಾನೆ. ಈ ಎರಡರ ನಡುವಿನ ಎಳೆತವೇ ಪದ್ಯದ ಭಾವ. ಸ್ವಾಮಿನಿಷ್ಠೆ ಅದರ ಒಂದು ಕೊನೆ ಮಾತ್ರ.

ಹಾಗಾದರೆ ನಾಲ್ಕು ಅಂಕದ ಉತ್ತರ ಹೇಗಿರಬಹುದು? ಎಂಟು ಹತ್ತು ಸಾಲು ಸಾಕು:

‘ಸಂಧಾನ ವಿಫಲವಾದ ಮೇಲೆ ಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸಿ ಪಾಂಡವರ ಕಡೆಗೆ ಬರುವಂತೆ ಕರೆದಾಗ ಕರ್ಣನು ಕೊಡುವ ಕೊನೆಯ ಉತ್ತರ ಇದು. ನಾಳೆ ನಡೆಯುವ ಯುದ್ಧದಲ್ಲಿ ಎರಡೂ ಸೇನೆಗಳು ಸಾವಿಗೆ ಆಹಾರವಾಗುವುದನ್ನು ಅವನು ಈಗಲೇ ಕಾಣುತ್ತಿದ್ದಾನೆ. ತನ್ನನ್ನು ಸಾಕಿದ ಕೌರವನ ಋಣಕ್ಕಾಗಿ ಅಸಂಖ್ಯ ಶತ್ರುಯೋಧರನ್ನು ಕೊಂದು, ಒಡೆಯನಿಗೆ ಬೇಕಾದ ಹೊತ್ತಿನಲ್ಲಿ ತನ್ನ ದೇಹವನ್ನೇ ಕೊಡುತ್ತೇನೆ ಎನ್ನುತ್ತಾನೆ. ಆದರೆ ಐವರು ಪಾಂಡವರನ್ನು ನೋಯಿಸುವುದಿಲ್ಲ ಎಂದು ಸೂರ್ಯನ ಮೇಲೆ ಆಣೆ ಇಡುತ್ತಾನೆ. ಸೂರ್ಯ ತನ್ನ ತಂದೆಯೆಂದು ಆಗಷ್ಟೇ ತಿಳಿದಿರುವುದರಿಂದ ಈ ಆಣೆಗೆ ಹೆಚ್ಚಿನ ತೂಕವಿದೆ. ಅನ್ನದ ಋಣವನ್ನೂ ಒಡಹುಟ್ಟಿದವರನ್ನೂ ಬಿಡಲಾರದ ಕರ್ಣನು ಎರಡನ್ನೂ ಉಳಿಸಿಕೊಳ್ಳಲು ತನ್ನ ಪ್ರಾಣವನ್ನೇ ಬಿಡಲು ಸಿದ್ಧನಾಗುತ್ತಾನೆ.’

ಇಲ್ಲಿ ಸಂದರ್ಭ ಮೊದಲ ವಾಕ್ಯದಲ್ಲಿ ಬಂದು ಅಲ್ಲಿಗೇ ಮುಗಿಯದೆ ಕೊನೆಯವರೆಗೂ ಕೆಲಸ ಮಾಡುತ್ತದೆ. ಪದ್ಯದ ಯಾವ ಭಾಗವೂ ಬಿಟ್ಟುಹೋಗಿಲ್ಲ. ಮೌಲ್ಯ ಎಂಬ ಪದ ಬಳಸದಿದ್ದರೂ ಮೌಲ್ಯ ಕಾಣುತ್ತದೆ.

ಹೊರಗಿನ ಕಥೆ ಒಳಗೆ ನುಗ್ಗಿದಾಗ

ಸಂದರ್ಭ ಬೇಕು ಎಂದ ಮಾತ್ರಕ್ಕೆ ಗೊತ್ತಿರುವುದನ್ನೆಲ್ಲ ಸುರಿಯುವುದೂ ಸಲ್ಲದು. ಮಹಾಭಾರತದ ಕಥೆ ಮಕ್ಕಳಿಗೆ ಟಿವಿ ಧಾರಾವಾಹಿಗಳಿಂದ, ಅಜ್ಜಿಯರಿಂದ, ಯಕ್ಷಗಾನದಿಂದ ಬಂದಿರುತ್ತದೆ. ವ್ಯಾಸಭಾರತದಲ್ಲಿ ಕರ್ಣ ಮಾತು ಕೊಡುವುದು ಕುಂತಿಗೆ. ಅದೂ ಅರ್ಜುನನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲ ಎಂದು. ಆ ಕಥೆ ಬಲ್ಲ ವಿದ್ಯಾರ್ಥಿ ಕುಮಾರವ್ಯಾಸನ ಪದ್ಯದ ಸಾರಾಂಶದಲ್ಲೂ ‘ಅರ್ಜುನನನ್ನು ಹೊರತುಪಡಿಸಿ’ ಎಂದು ಸೇರಿಸಿಬಿಡುತ್ತಾನೆ. ಈ ಪದ್ಯದಲ್ಲಿ ಮಾತು ಕೃಷ್ಣನಿಗೆ, ಸಂಖ್ಯೆ ಐದು. ಕವಿ ಮಾಡಿಕೊಂಡ ಬದಲಾವಣೆಯೇ ಇಲ್ಲಿನ ಕರ್ಣನನ್ನು ಇನ್ನಷ್ಟು ನಿಸ್ಸಹಾಯಕನನ್ನಾಗಿ ಮಾಡಿದೆ. ಸಂದರ್ಭವನ್ನು ಕೃತಿಯ ಒಳಗಿನಿಂದಲೇ ತೆಗೆದುಕೊಳ್ಳಬೇಕು.

ಗಮಕಿಗಳ ಜೊತೆ ಕೂರುವ ವ್ಯಾಖ್ಯಾನಕಾರರು ಇದನ್ನು ಚೆನ್ನಾಗಿ ಬಲ್ಲರು. ಪದ್ಯವನ್ನು ವಾಚಿಸುವ ಮುನ್ನ ಕಥೆ ಎಲ್ಲಿಗೆ ಬಂದಿದೆ, ಈಗ ಮಾತನಾಡುವವರು ಯಾರು, ಅವರ ಮನಸ್ಸು ಹೇಗಿದೆ ಎಂದು ಹೇಳುತ್ತಾರೆ. ವಾಚನವಾದ ಮೇಲೆ ಅರ್ಥ ಬಿಡಿಸುತ್ತಾರೆ. ಊರಿನ ದೇವಸ್ಥಾನದ ಜಗುಲಿಯಲ್ಲಿ ಕುಮಾರವ್ಯಾಸ ಭಾರತವನ್ನೂ ಜೈಮಿನಿ ಭಾರತವನ್ನೂ ಹೀಗೆ ಕೇಳಿದ ಜನ ಅಕ್ಷರ ಬಾರದಿದ್ದರೂ ಪದ್ಯದ ಭಾವಾರ್ಥ ಹೇಳಬಲ್ಲವರಾಗಿದ್ದರು. ಶಾಲೆಯ ಪ್ರಶ್ನೆ ಆ ಪದ್ಧತಿಯ ಎರಡು ಹೆಜ್ಜೆಗಳನ್ನು ಉಳಿಸಿಕೊಂಡಿತು, ಆದರೆ ಒಂದರಿಂದ ಒಂದನ್ನು ಬಿಡಿಸಿಬಿಟ್ಟಿತು.

ಬಿಡಿಸಿದ್ದು ಅಂಕ ಹಂಚಿಕೆಯಲ್ಲಿ ಎದ್ದು ಕಾಣುತ್ತದೆ. ಸಂದರ್ಭ-ಸ್ವಾರಸ್ಯದ ಮೂರು ಅಂಕಗಳನ್ನು ಆಯ್ಕೆಗೊಂದು, ಸಂದರ್ಭಕ್ಕೊಂದು, ಸ್ವಾರಸ್ಯಕ್ಕೊಂದು ಎಂದು ಎಣಿಸುವುದು ವಾಡಿಕೆ. ಇದರಿಂದ ಮೌಲ್ಯಮಾಪಕರಿಗೆ ಅನುಕೂಲವಿದೆ: ರಾಜ್ಯದಾದ್ಯಂತ ಬೇರೆ ಬೇರೆ ಕೇಂದ್ರಗಳಲ್ಲಿ ಕುಳಿತವರು ಒಂದೇ ಅಳತೆಯಲ್ಲಿ ಅಂಕ ಕೊಡಬಹುದು. ಕಲಿಕೆಯಲ್ಲಿ ಹಿಂದುಳಿದ ಮಗು ಕವಿಯ ಹೆಸರು, ಪಾಠದ ಹೆಸರು ಬರೆದು ಒಂದು ಅಂಕವನ್ನಾದರೂ ಪಡೆಯುತ್ತದೆ. ಅದನ್ನು ಹಗುರವಾಗಿ ಕಾಣಲಾಗದು. ಆದರೆ ಅದೇ ಹಂಚಿಕೆ ಸಂದರ್ಭವನ್ನು ಲಕೋಟೆಯ ಮೇಲಿನ ವಿಳಾಸದಂತೆ ಬರೆಯಲು ಕಲಿಸುತ್ತದೆ. ಒಳಗಿನ ಕಾಗದಕ್ಕೂ ಅದಕ್ಕೂ ನಂಟಿಲ್ಲ.

ಕಥೆಯೇ ಇಲ್ಲದ ಕವಿತೆಗೆ ಸಂದರ್ಭ ಯಾವುದು?

ಕಾವ್ಯಖಂಡಗಳಲ್ಲಿ ಪಾತ್ರವಿದೆ, ಪ್ರಸಂಗವಿದೆ. ಭಾವಗೀತೆಯಲ್ಲಿ ಎರಡೂ ಇಲ್ಲ. ಅದೇ ಪಠ್ಯದಲ್ಲಿರುವ ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ ಪದ್ಯಕ್ಕೆ ಸಂದರ್ಭ ಬರೆಯಿರಿ ಎಂದರೆ ಮಕ್ಕಳು ‘ಕವಿ ಕಾಲದ ಬಗ್ಗೆ ಹೇಳುವ ಸಂದರ್ಭದಲ್ಲಿ ಈ ಮಾತು ಬಂದಿದೆ’ ಎನ್ನುತ್ತಾರೆ. ಪದ್ಯದ ಯಾವ ಸಾಲಿಗಾದರೂ ಹೊಂದುವ ವಾಕ್ಯ ಅದು.

ಭಾವಗೀತೆಯಲ್ಲಿ ಒಂದು ನುಡಿಯ ಸಂದರ್ಭ ಎಂದರೆ ಅದರ ಹಿಂದಿನ ಮತ್ತು ಮುಂದಿನ ನುಡಿ. ಬೇಂದ್ರೆಯವರ ಹಕ್ಕಿ ಮೊದಲು ಆಕಾಶದಷ್ಟು ವಿಸ್ತಾರದ ರೂಪ ತಾಳುತ್ತದೆ. ಒಂದು ನುಡಿಯಲ್ಲಿ ರಾಜ್ಯ ಸಾಮ್ರಾಜ್ಯಗಳನ್ನು ತೆನೆಯಂತೆ ಒಕ್ಕುತ್ತದೆ, ಸಾರ್ವಭೌಮರ ನೆತ್ತಿಯನ್ನು ಕುಕ್ಕುತ್ತದೆ. ಮರುನುಡಿಯಲ್ಲಿ ಯುಗಗಳ ಹಳೆಯ ಬರಹವನ್ನು ಒರೆಸಿ ಹೊಸ ಕಾಲಕ್ಕೆ ಭಾಗ್ಯ ತೆರೆಯುತ್ತದೆ, ರೆಕ್ಕೆಯ ಬೀಸಿನಿಂದ ಜೀವ ತುಂಬುತ್ತದೆ. ಸಾಮ್ರಾಜ್ಯಗಳ ನುಡಿಯನ್ನು ಮಾತ್ರ ಕೊಟ್ಟು ಸಾರಾಂಶ ಕೇಳಿದಾಗ ‘ಕಾಲ ಎಲ್ಲವನ್ನೂ ನಾಶ ಮಾಡುತ್ತದೆ’ ಎಂಬ ಉತ್ತರ ಬಂದರೆ ಅದು ಅರೆಸತ್ಯ. ಒಕ್ಕುವುದು ರೈತನ ಕೆಲಸ. ಕಾಳು ಬೇರೆ ಮಾಡುವುದಕ್ಕೆ ಒಕ್ಕುತ್ತಾರೆ. ಮುಂದಿನ ನುಡಿಯ ಹೊಸ ಹುಟ್ಟಿಗೆ ಸಿದ್ಧತೆ ಈ ನುಡಿಯಲ್ಲೇ ನಡೆದಿದೆ. ಇಂಥ ಪದ್ಯಕ್ಕೆ ‘ಹಿಂದೆ ಹೀಗೆ ಹೇಳಿದ ಕವಿ ಇಲ್ಲಿ ಹೀಗೆ ಮುಂದುವರಿಯುತ್ತಾರೆ’ ಎಂಬ ಒಂದು ವಾಕ್ಯವೇ ನಿಜವಾದ ಸಂದರ್ಭ.

ಇನ್ನೊಂದು ಲೋಪವೂ ಇಲ್ಲಿ ಕಾಣುತ್ತದೆ. ‘ಹಕ್ಕಿ ಎಂದರೆ ಕಾಲ’ ಎಂದು ಮೊದಲ ವಾಕ್ಯದಲ್ಲಿ ಬರೆದ ಮೇಲೆ ಉತ್ತರದಿಂದ ಹಕ್ಕಿಯೇ ಮಾಯವಾಗುತ್ತದೆ. ಆಮೇಲೆ ಬರುವುದೆಲ್ಲ ಕಾಲದ ಬಗ್ಗೆ ಎಲ್ಲರಿಗೂ ಗೊತ್ತಿರುವ ಮಾತು. ರೆಕ್ಕೆ, ಕೊಕ್ಕು, ಕುಕ್ಕುವಿಕೆ ಇವುಗಳನ್ನು ಉಳಿಸಿಕೊಂಡು ಅವು ಏನು ಮಾಡುತ್ತಿವೆ ಎಂದು ಬರೆದರೆ ಮಾತ್ರ ಅದು ಈ ಪದ್ಯದ ಭಾವಾರ್ಥವಾಗುತ್ತದೆ.

ಮೌಲ್ಯ ಎಂಬ ಒತ್ತಾಯ

‘ಮೌಲ್ಯವನ್ನಾಧರಿಸಿ’ ಎಂಬ ಪದ ಪ್ರಶ್ನೆಯಲ್ಲಿ ಇರುವುದರಿಂದ ಹುಟ್ಟುವ ತೊಡಕು ಕುವೆಂಪು ಅವರ ‘ಹಸುರು’ ಪದ್ಯದಲ್ಲಿ ಹೆಚ್ಚು ಸ್ಪಷ್ಟ. ಆಶ್ವಯುಜದ ದಿನಗಳ ಮಲೆನಾಡಿನ ಹಸುರು ಗದ್ದೆ, ಕಾಡು, ಬೆಟ್ಟಗಳಿಂದ ಹಬ್ಬಿ ಹಕ್ಕಿಯ ಕೊರಳಿಗೂ ಹೂವಿನ ಕಂಪಿಗೂ ತಾಗಿ, ಕೊನೆಗೆ ಕವಿಯ ರಕ್ತಕ್ಕೇ ಇಳಿಯುತ್ತದೆ. ನೋಡುವವನು ನೋಡಿದ್ದರಲ್ಲಿ ಕರಗಿಹೋಗುವ ಅನುಭವ ಅದು. ಗಿಡ ನೆಡಿ, ಕಾಡು ಉಳಿಸಿ ಎಂದು ಪದ್ಯ ಎಲ್ಲೂ ಹೇಳುವುದಿಲ್ಲ. ಆದರೆ ಮೌಲ್ಯ ಬರೆಯಲೇಬೇಕಾದ ವಿದ್ಯಾರ್ಥಿಗೆ ಹತ್ತಿರ ಸಿಗುವುದು ಪರಿಸರ ಸಂರಕ್ಷಣೆ. ಅಲ್ಲಿಂದ ಮುಂದೆ ಅವನು ಬರೆಯುವುದು ಪರಿಸರ ದಿನದ ಪ್ರಬಂಧ.

ಈ ರೋಗವನ್ನು ಐ.ಎ. ರಿಚರ್ಡ್ಸ್ 1929ರ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ನಲ್ಲಿ ಗುರುತಿಸಿದ್ದರು. ಕೇಂಬ್ರಿಡ್ಜಿನ ವಿದ್ಯಾರ್ಥಿಗಳಿಗೆ ಕವಿಯ ಹೆಸರಿಲ್ಲದ ಕವಿತೆಗಳನ್ನು ಕೊಟ್ಟು ಬರೆಸಿದಾಗ ಅವರಲ್ಲಿ ಹಲವರಿಗೆ ಸರಳ ವಾಚ್ಯಾರ್ಥವೇ ದಕ್ಕಿರಲಿಲ್ಲ; ಇನ್ನು ಹಲವರು ತಮ್ಮೊಳಗೆ ಮೊದಲೇ ಸಿದ್ಧವಿದ್ದ ಪ್ರತಿಕ್ರಿಯೆಯನ್ನು ಕವಿತೆಯ ಮೇಲೆ ಹೊರಿಸಿದ್ದರು. ಕನ್ನಡದ ತರಗತಿಯ ಎರಡು ತೊಂದರೆಗಳೂ ಇವೇ. ನಿಷೇಧ ರೂಪವನ್ನು ತಪ್ಪಾಗಿ ಓದುವುದು ಮೊದಲನೆಯದು, ಹಸುರನ್ನು ಪರಿಸರ ದಿನಕ್ಕೆ ಒಯ್ಯುವುದು ಎರಡನೆಯದು. ಮೌಲ್ಯ ಕೇಳಲೇಬೇಕೆಂದರೆ ಅದನ್ನು ಪದ್ಯದ ಯಾವ ಮಾತು ತೋರಿಸುತ್ತದೆ ಎಂದು ಗುರುತಿಸುವಂತೆಯೂ ಕೇಳಬೇಕು. ಆಗ ‘ಹಸುರು’ ಪದ್ಯದಲ್ಲಿ ಸಂರಕ್ಷಣೆಯ ಸಾಲು ಸಿಗದೆ ವಿದ್ಯಾರ್ಥಿ ತಾನಾಗಿಯೇ ತನ್ಮಯತೆಯ ಕಡೆಗೆ ತಿರುಗುತ್ತಾನೆ.

ಪ್ರಶ್ನೆಯನ್ನೇ ಸ್ವಲ್ಪ ತಿದ್ದಿದರೆ

ಭಾವಾರ್ಥದ ಪ್ರಶ್ನೆಯನ್ನು ಪತ್ರಿಕೆಯಿಂದ ತೆಗೆದುಹಾಕಬೇಕೆಂಬ ವಾದವೂ ಇದೆ: ಕವಿತೆಯನ್ನು ಗದ್ಯಕ್ಕೆ ಇಳಿಸಿದರೆ ಕವಿತೆ ಉಳಿಯುವುದಿಲ್ಲ ಎಂದು. ಅಮೆರಿಕದ ವಿಮರ್ಶಕ ಕ್ಲೀಂತ್ ಬ್ರೂಕ್ಸ್ 1947ರಲ್ಲೇ ಇದನ್ನು ಬಲವಾಗಿ ಹೇಳಿದ್ದರು. ವಾಚ್ಯಕ್ಕಿಂತ ಧ್ವನಿ ಮೇಲು ಎಂದ ಆನಂದವರ್ಧನನ ನಿಲುವೂ ಇದಕ್ಕೆ ದೂರದ್ದಲ್ಲ. ಆದರೆ ಧ್ವನಿಯನ್ನು ಹಿಡಿಯಲು ವಾಚ್ಯಾರ್ಥದ ಮೂಲಕವೇ ಹೋಗಬೇಕೆಂದು ಆನಂದವರ್ಧನನೂ ಒಪ್ಪುತ್ತಾನೆ. ಕರ್ಣನ ಆಣೆಯ ತೂಕ ತಿಳಿಯಬೇಕಾದರೆ ‘ನೋಯಿಸೆನು’ ನಿಷೇಧವೆಂದು ಮೊದಲು ತಿಳಿಯಲೇಬೇಕು. ಆದ್ದರಿಂದ ಪ್ರಶ್ನೆ ಇರಲಿ, ಅದರ ಮಾತು ಬದಲಾಗಲಿ.

ಬದಲಾವಣೆ ದೊಡ್ಡದೇನೂ ಅಲ್ಲ. ಪದ್ಯಭಾಗದ ಕೆಳಗೆ ಒಂದು ಸಾಲಿನ ಆದೇಶದ ಬದಲು ಮೂರು ಸಣ್ಣ ಪ್ರಶ್ನೆಗಳನ್ನು ಇಡಬಹುದು: ಈ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಮತ್ತು ಅದಕ್ಕೆ ಸ್ವಲ್ಪ ಮೊದಲು ಏನಾಯಿತು, ಪದ್ಯವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ, ಮೊದಲು ಆದ ಘಟನೆಯಿಂದ ಈ ಮಾತಿನ ಅರ್ಥ ಹೇಗೆ ಬದಲಾಗುತ್ತದೆ? ಮೊದಲನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು, ಕೊನೆಯದಕ್ಕೆ ಒಂದು ಎಂದರೆ ಒಟ್ಟು ನಾಲ್ಕೇ ಅಂಕ. ಮೊದಲ ಎರಡು ಭಾಗಗಳು ಎಲ್ಲ ಮಕ್ಕಳಿಗೂ ಎಟುಕುತ್ತವೆ, ಮೌಲ್ಯಮಾಪಕರಿಗೂ ಖಚಿತ ಅಳತೆ ಸಿಗುತ್ತದೆ. ಮೂರನೆಯದಕ್ಕೆ ಮಾತ್ರ ಮಾರ್ಗದರ್ಶಿಯ ಒಂದೇ ವಾಕ್ಯ ಎಲ್ಲ ಪದ್ಯಗಳಿಗೂ ಒದಗುವುದಿಲ್ಲ. ಅದನ್ನು ಬರೆಯಲು ವಿದ್ಯಾರ್ಥಿ ಆ ರಥದ ಮೇಲಿನ ಮಾತುಕತೆಯನ್ನು ಮೊದಲಿನಿಂದ ಓದಿರಬೇಕಾಗುತ್ತದೆ.